ಕಾಲೇಜು ವಿದ್ಯಾರ್ಥಿಗಳ ಕೋಡಿಂಗ್ ಕೋರ್ಸಿಗೆ ಆಡ್ ತಲೆಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಕಂಪ್ಯೂಟರ್ ಸೆಂಟರ್ ನಡೆಸುವವರು, ಮನೆಯಿಂದಲೇ ಆನ್‌ಲೈನ್ ಕ್ಲಾಸ್ ಮಾಡುವ ಮೇಷ್ಟ್ರುಗಳು, ಈಗಷ್ಟೇ ಫೇಸ್‌ಬುಕ್ಕಿನಲ್ಲಿ ಆಡ್ ಹಾಕಲು ಶುರು ಮಾಡಿದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಗಾಳಿಯಲ್ಲಿ ತೇಲಬಾರದು ಅಂತ ಒಂದು ಮಾದರಿ ಕೋರ್ಸ್ ಇಟ್ಟುಕೊಂಡಿದ್ದೇನೆ. ಅದು ಕನ್ನಡದಲ್ಲಿ ಹೇಳಿಕೊಡುವ 10 ವಾರದ ಪೈಥಾನ್ ಕೋರ್ಸ್. ವಾರಕ್ಕೆ ನಾಲ್ಕು ದಿನ, ರಾತ್ರಿ 8ರಿಂದ 9ರವರೆಗೆ ಲೈವ್ ಕ್ಲಾಸ್. ಮೂರು ಪ್ರಾಜೆಕ್ಟ್, ಶುಲ್ಕ ₹2,499, ಮೊದಲ ಮೂರು ಕ್ಲಾಸ್ ಉಚಿತ. ಕೆಳಗಿನ ತಲೆಬರಹಗಳೆಲ್ಲ ಈ ಕೋರ್ಸಿಗಾಗಿ ಬರೆದವು.

## ಶುರು ಮಾಡುವವರಿಗೆ

ತಲೆಬರಹ ಅಂದ್ರೆ ಆಡ್‌ನಲ್ಲಿ ಯಾವ ಸಾಲು? ಅದು ಎಲ್ಲಿ ಕಾಣುತ್ತೆ?

ಮೆಟಾದ ಆಡ್ ಮಾಡುವ ಪುಟದಲ್ಲಿ ಬರೆಯಲು ಮುಖ್ಯವಾಗಿ ಮೂರು ಜಾಗ ಇರುತ್ತವೆ: Primary text, Headline, Description. ಫೇಸ್‌ಬುಕ್ ಫೀಡಿನಲ್ಲಿ Primary text ಚಿತ್ರದ ಮೇಲೆ ಬರುತ್ತದೆ. Headline ಚಿತ್ರದ ಕೆಳಗೆ, ಬಟನ್ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. Description ಅದರ ಕೆಳಗೆ ಸಣ್ಣದಾಗಿ ಕಾಣಬಹುದು, ಕಾಣದೆಯೂ ಹೋಗಬಹುದು.

ಆದರೆ ಕಾಲೇಜಿನವರು ಜಾಸ್ತಿ ಇರುವುದು ಇನ್‌ಸ್ಟಾಗ್ರಾಂನಲ್ಲಿ, ಅದರಲ್ಲೂ ರೀಲ್ಸ್ ಮತ್ತು ಸ್ಟೋರಿಯಲ್ಲಿ. ಅಲ್ಲಿ ನೀವು Headline ಜಾಗದಲ್ಲಿ ಬರೆದ ಸಾಲು ಕಣ್ಣಿಗೆ ಬೀಳುತ್ತದೆ ಅಂತ ನಂಬಬೇಡಿ. ಹಾಗಾಗಿ ಚಿತ್ರ ಅಥವಾ ವಿಡಿಯೊ ಮೇಲೆ ಬರೆದ ದೊಡ್ಡ ಸಾಲೇ ಅಲ್ಲಿ ನಿಜವಾದ ತಲೆಬರಹ. ನಾನು ಮೊದಲು ಆ ಸಾಲನ್ನು ಬರೆಯುತ್ತೇನೆ. ಅದನ್ನೇ Headline ಜಾಗಕ್ಕೂ ಹಾಕುತ್ತೇನೆ, ಬೇಕಾದರೆ ಒಂದೆರಡು ಪದ ಕಡಿಮೆ ಮಾಡುತ್ತೇನೆ.

ಉದ್ದನೆಯ ಸ್ಟೋರಿ, ರೀಲ್ಸ್ ಚಿತ್ರದಲ್ಲಿ ಮೇಲ್ಗಡೆ ಸುಮಾರು 14% ಜಾಗದಲ್ಲಿ ಏನೂ ಬರೆಯಬೇಡಿ, ಅಲ್ಲಿ ಖಾತೆಯ ಹೆಸರು ಬಂದು ಕೂರುತ್ತದೆ. ರೀಲ್ಸ್‌ನಲ್ಲಿ ಕೆಳಗಿನ ಸುಮಾರು 35% ಜಾಗವೂ ಬಟನ್ನು, ವಿವರಗಳಿಗೆ ಹೋಗುತ್ತದೆ. ನಿಮ್ಮ ಸಾಲು ನಡುವೆ ಇರಬೇಕು.

ಎಷ್ಟು ಉದ್ದ ಬರೀಬಹುದು? ಎಲ್ರೂ 40 ಅಕ್ಷರ ಅಂತಾರೆ, ಕನ್ನಡಕ್ಕೂ ಅದೇನಾ?

27, 40 ಅಂತೆಲ್ಲ ಹೇಳುವುದು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕನ್ನಡಕ್ಕೆ ಆ ಲೆಕ್ಕ ಎರಡು ಕಡೆ ತಪ್ಪುತ್ತದೆ.

ಒಂದು, ಕಂಪ್ಯೂಟರ್ ಎಣಿಸುವ ರೀತಿ. "ಪ್ರಾಜೆಕ್ಟ್" ನಮ್ಮ ಕಣ್ಣಿಗೆ ಮೂರು ಅಕ್ಷರ: ಪ್ರಾ, ಜೆ, ಕ್ಟ್. ಯಂತ್ರಕ್ಕೆ ಅದು ಹತ್ತು. ಪ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಹೀಗೆ ಪ್ರತಿ ತುಂಡನ್ನೂ ಅದು ಬೇರೆ ಬೇರೆ ಎಣಿಸುತ್ತದೆ. "ಲ್ಯಾಬ್ ಪ್ರೋಗ್ರಾಂ ಬೈಹಾರ್ಟ್ ಮಾಡಿದ್ದು ಸಾಕು" ಅನ್ನುವ ಸಾಲಿನಲ್ಲಿ ನಾವು ಓದುವುದು 12 ಅಕ್ಷರ. ನಡುವಿನ ಖಾಲಿ ಜಾಗವೂ ಸೇರಿ ಯಂತ್ರ ತೋರಿಸುವ ಲೆಕ್ಕ 39. ಎರಡು, ಅಗಲ. ಪರದೆಯಲ್ಲಿ ಸಾಲು ತುಂಡಾಗಿ ಮೂರು ಚುಕ್ಕಿ ಬರುವುದು ಅಗಲ ಸಾಲದೆ. ನಮ್ಮ ಅಕ್ಷರಗಳು ದುಂಡಗೆ, ಅಗಲವಾಗಿರುತ್ತವೆ.

ಅದಕ್ಕೆ ನಾನು ಅಕ್ಷರ ಎಣಿಸುವುದನ್ನು ಬಿಟ್ಟಿದ್ದೇನೆ. ನಾಲ್ಕರಿಂದ ಆರು ಪದ, ಅಷ್ಟೇ. ಬರೆದಾದ ಮೇಲೆ ಪ್ರಿವ್ಯೂ ಅನ್ನು ಸಣ್ಣ ಪರದೆಯ ಹಳೇ ಫೋನಿನಲ್ಲಿ ನೋಡಿ. ಮುಖ್ಯ ಪದ ಮೊದಲ ಮೂರರೊಳಗೆ ಬಂದಿರಲಿ. ಕೊನೆಯ ಪದ ತುಂಡಾದರೂ ವಿಷಯ ಗೊತ್ತಾಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಬಹಳ ಮುಖ್ಯ. "ಕೋಡಿಂಗ್ ಬರಲ್ಲ ಅಂತ ಹೆದರಬೇಡಿ" ಅನ್ನುವ ಸಾಲು ನಡುವೆ ತುಂಡಾದರೆ ಓದುವವರಿಗೆ ಉಳಿಯುವುದು "ಕೋಡಿಂಗ್ ಬರಲ್ಲ" ಮಾತ್ರ.

"ಕೋಡಿಂಗ್ ಕಲಿಯಿರಿ, ಭವಿಷ್ಯ ರೂಪಿಸಿಕೊಳ್ಳಿ" ಅಂತ ಹಾಕಿದ್ದೆ, ಯಾರೂ ಕ್ಲಿಕ್ ಮಾಡ್ಲಿಲ್ಲ. ಏನು ತಪ್ಪು?

ಈ ಸಾಲನ್ನು ತೆಗೆದುಕೊಂಡು ಹೋಗಿ ಟ್ಯಾಲಿ ಕ್ಲಾಸಿಗೆ ಹಚ್ಚಿ, ಸ್ಪೋಕನ್ ಇಂಗ್ಲಿಷಿಗೆ ಹಚ್ಚಿ, ಹಾಗೇ ಕೂರುತ್ತದೆ. ಅಂದರೆ ನಿಮ್ಮ ಕೋರ್ಸಿನ ಬಗ್ಗೆ ಅದು ಏನನ್ನೂ ಹೇಳಿಲ್ಲ. ಓದುವ ವಿದ್ಯಾರ್ಥಿಗೂ ಇದು ತನಗೆ ಹೇಳಿದ್ದು ಅನ್ನಿಸುವುದಿಲ್ಲ.

"ಭವಿಷ್ಯ" ಅನ್ನುವುದು ಅಪ್ಪ ಅಮ್ಮನ ಮಾತು. ಎರಡನೇ ವರ್ಷದ ಬಿಸಿಎ ಓದುವವರ ತಲೆಯಲ್ಲಿ ಇರುವುದು ಮುಂದಿನ ವಾರದ ಇಂಟರ್ನಲ್ಸ್, ಲ್ಯಾಬ್ ವೈವಾ, ಮಿನಿ ಪ್ರಾಜೆಕ್ಟಿಗೆ ಯಾರ ಜೊತೆ ಸೇರಬೇಕು ಅನ್ನುವುದು. ತಲೆಬರಹ ಅಲ್ಲಿ ಹೋಗಿ ಮುಟ್ಟಬೇಕು. ನಾನು ಒಂದು ಪರೀಕ್ಷೆ ಮಾಡುತ್ತೇನೆ. ಸಾಲಿನಲ್ಲಿ "ಕೋಡಿಂಗ್" ತೆಗೆದು "ಹೊಲಿಗೆ" ಅಂತ ಹಾಕಿ ಓದುತ್ತೇನೆ. ಆಗಲೂ ಅರ್ಥ ಬಂದರೆ ಆ ಸಾಲು ಬೇಡ.

ಹಾಗಾದ್ರೆ ನೀವೇ ಕೆಲವು ತಲೆಬರಹ ಕೊಡಿ, ಯಾಕೆ ಅಂತಾನೂ ಹೇಳಿ

ಮಾದರಿ ಕೋರ್ಸಿಗೆ ನಾನು ಬರೆದವುಗಳಲ್ಲಿ ಉಳಿಸಿಕೊಂಡವು ಇವು.

*ಲ್ಯಾಬ್ ಪ್ರೋಗ್ರಾಂ ಬೈಹಾರ್ಟ್ ಮಾಡಿದ್ದು ಸಾಕು.* ಇದು ನನಗೆ ತುಂಬಾ ಇಷ್ಟವಾದದ್ದು. ಇಂಜಿನಿಯರಿಂಗ್ ಇರಲಿ, ಬಿಸಿಎ ಇರಲಿ, ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಬರುತ್ತದೆ. ಎಷ್ಟೋ ಜನ ಪ್ರೋಗ್ರಾಂ ಅರ್ಥ ಮಾಡಿಕೊಳ್ಳದೆ ಸಾಲು ಸಾಲು ಬಾಯಿಪಾಠ ಮಾಡಿ ಬರೆಯುತ್ತಾರೆ. ವೈವಾದಲ್ಲಿ "ಈ ಲೂಪ್ ಯಾಕೆ ಹಾಕಿದೆ?" ಅಂದರೆ ಸುಮ್ನೆ ನಿಲ್ಲುತ್ತಾರೆ. ಆ ಅನುಭವ ಇದ್ದವರು ಈ ಸಾಲಿನ ಮುಂದೆ ನಿಂತೇ ನಿಲ್ಲುತ್ತಾರೆ.

*ಮಿನಿ ಪ್ರಾಜೆಕ್ಟ್ ಈ ಸಲ ನೀವೇ ಮಾಡಿ.* ಕಾಲೇಜುಗಳ ಸುತ್ತ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟನ್ನು ವಿವರಿಸಲು ಆಗದೆ ಒದ್ದಾಡಿದವರಿಗೆ "ಈ ಸಲ" ಅನ್ನುವ ಪದ ನೇರವಾಗಿ ತಾಗುತ್ತದೆ. ಆದರೆ ಕೋರ್ಸಿನಲ್ಲಿ ನಿಜವಾಗಿ ಪ್ರಾಜೆಕ್ಟ್ ಮಾಡಿಸಿದರೆ ಮಾತ್ರ ಇದನ್ನು ಹಾಕಿ.

*ಪೈಥಾನ್, ಕನ್ನಡದಲ್ಲಿ, ಮೊದಲಿಂದ.* ಮೂರು ಪದದಲ್ಲಿ ಮೂರು ವಿಷಯ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಕ್ಲಾಸಿನಲ್ಲಿ ಇಂಗ್ಲಿಷ್ ವಿವರಣೆ ಹಿಡಿಯಲಾಗದೆ ಹಿಂದೆ ಉಳಿದವರಿಗೆ "ಮೊದಲಿಂದ" ಅನ್ನುವುದು ದೊಡ್ಡ ಸಮಾಧಾನ. ಕೋಡ್ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ ಅನ್ನುವುದನ್ನು Primary text ಜಾಗದಲ್ಲಿ ಹೇಳಿ.

*10 ವಾರ. 3 ಪ್ರಾಜೆಕ್ಟ್. ₹2,499.* ಇದರಲ್ಲಿ ಭಾವನೆ ಇಲ್ಲ, ಲೆಕ್ಕ ಇದೆ. ಬೆಲೆ ಮೊದಲೇ ಹೇಳಿದರೆ ಕ್ಲಿಕ್ ಕಡಿಮೆಯಾಗಬಹುದು. ಆದರೆ ಬರುವವರು ಬೆಲೆ ಗೊತ್ತಿದ್ದೇ ಬರುತ್ತಾರೆ. ನಿಮ್ಮ ಹೆಸರು ಈಗಾಗಲೇ ಕೇಳಿದವರಿಗೆ, ವೆಬ್‌ಸೈಟಿಗೆ ಒಮ್ಮೆ ಬಂದು ಹೋದವರಿಗೆ ಇದು ಚೆನ್ನಾಗಿ ಹೊಂದುತ್ತದೆ.

*ಮೊದಲ 3 ಕ್ಲಾಸ್ ಉಚಿತ, ಆಮೇಲೆ ನಿಮ್ಮಿಷ್ಟ.* "ಆಮೇಲೆ ನಿಮ್ಮಿಷ್ಟ" ಇಲ್ಲದಿದ್ದರೆ ಇದು ಎಲ್ಲರೂ ಹಾಕುವ ಆಫರ್. ಆ ಎರಡು ಪದದಿಂದ ಬಲವಂತ ಇಲ್ಲ ಅನ್ನುವುದು ಕೇಳಿಸುತ್ತದೆ. ಆದರೆ ಮೂರನೇ ಕ್ಲಾಸ್ ಮುಗಿದ ಮೇಲೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುವವರು ಇದನ್ನು ಬರೆಯಲೇಬಾರದು.

*ಲ್ಯಾಪ್‌ಟಾಪ್ ಬೇಡ, ಫೋನಿಂದ ಶುರು ಮಾಡಿ.* ಪೈಥಾನ್ ಅನ್ನು ಫೋನಿನ ಬ್ರೌಸರಿನಲ್ಲೇ ಬರೆದು ಓಡಿಸಬಹುದು, ಗೂಗಲ್ ಕೊಲ್ಯಾಬ್ ಅದಕ್ಕೆ ಸಾಕು. ಆದರೂ ಹತ್ತು ವಾರ ಪೂರ್ತಿ ಫೋನಿನಲ್ಲಿ ಪ್ರಾಜೆಕ್ಟ್ ಮಾಡುವುದು ಕಷ್ಟ. "ಮೊದಲ 4 ವಾರ ಫೋನ್ ಸಾಕು" ಅಂತ ಬರೆದರೆ ಸಾಲು ಸ್ವಲ್ಪ ಸಪ್ಪೆಯಾಗುತ್ತದೆ, ಆದರೆ ಸತ್ಯ. ನಾನು ಎರಡನೆಯದನ್ನೇ ಹಾಕುತ್ತೇನೆ.

ಇನ್ನೊಂದು ಬಗೆ ಇದೆ, ಚಿತ್ರದಲ್ಲಿ ಕೋಡ್ ಇಟ್ಟು ಕೇಳುವುದು. ತಲೆಬರಹ: *ಎರಡೇ ಸಾಲು. ಎರರ್ ಯಾಕೆ?* ಚಿತ್ರದಲ್ಲಿ ಇಷ್ಟೇ:

```python
age = input("Age? ")
print(age + 1)
```

`input` ಕೊಡುವುದು ಯಾವಾಗಲೂ ಪಠ್ಯ, ಸಂಖ್ಯೆ ಅಲ್ಲ. ಪಠ್ಯಕ್ಕೆ 1 ಕೂಡಿಸಲು ಹೋದರೆ ಪೈಥಾನ್ `TypeError` ಕೊಡುತ್ತದೆ. ಮೊದಲ ತಿಂಗಳಲ್ಲಿ ಬಹಳ ಜನ ಎಡವುವ ಜಾಗ ಇದು. ಅರ್ಧಂಬರ್ಧ ಗೊತ್ತಿರುವವರನ್ನು ಈ ಆಡ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಉತ್ತರ ಗೊತ್ತಿರುವವರೂ ಬಂದು ಕಾಮೆಂಟಿನಲ್ಲಿ ಬರೆದು ಹೋಗುತ್ತಾರೆ. ಕಾಮೆಂಟ್ ರಾಶಿ ಬಿತ್ತು ಅಂತ ಖುಷಿಪಡಬೇಡಿ. ಅವರು ನಿಮ್ಮ ಕೋರ್ಸಿಗೆ ಸೇರುವವರಲ್ಲ.

## ಭಾಷೆ ಮತ್ತು ಅಕ್ಷರ

ಕನ್ನಡದಲ್ಲಿ ಹಾಕ್ಲಾ, ಇಂಗ್ಲಿಷಲ್ಲಿ ಹಾಕ್ಲಾ? ಹುಡುಗ್ರು ಚಾಟ್ ಮಾಡೋ ಥರ ಕಂಗ್ಲಿಷಲ್ಲಿ ಹಾಕಿದ್ರೆ?

ಕ್ಲಾಸ್ ಯಾವ ಭಾಷೆಯಲ್ಲಿ ನಡೆಯುತ್ತದೋ ಆ ಭಾಷೆಯಲ್ಲಿ ಹಾಕಿ. ಕನ್ನಡ ತಲೆಬರಹ ನೋಡಿ ಬಂದವರಿಗೆ ಮೊದಲ ಕ್ಲಾಸ್ ಪೂರ್ತಿ ಇಂಗ್ಲಿಷಿನಲ್ಲಿ ಸಿಕ್ಕರೆ ಎರಡನೇ ಕ್ಲಾಸಿಗೆ ಬರುವುದಿಲ್ಲ.

ಕನ್ನಡ ಅಂದರೆ ಎಲ್ಲ ಪದವನ್ನೂ ಅನುವಾದ ಮಾಡುವುದಲ್ಲ. "ಗಣಕ ಕ್ರಮವಿಧಿ ರಚನೆ" ಅಂತ ಬರೆದರೆ ಯಾರಿಗೂ ಅದು ಕೋಡಿಂಗ್ ಅಂತ ಹೊಳೆಯುವುದಿಲ್ಲ. ಲ್ಯಾಬ್, ಪ್ರಾಜೆಕ್ಟ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಇವೆಲ್ಲ ಕ್ಯಾಂಪಸ್ಸಿನ ಕನ್ನಡ. ಹಾಗೇ ಇರಲಿ. ಸುತ್ತಲಿನ ಮಾತು ಮಾತ್ರ ಬಾಯಿಗೆ ಬರುವ ಕನ್ನಡ ಆಗಿರಲಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಚಾಟಿನಲ್ಲಿ ಸರಿ. ಅಲ್ಲಿ ಬರೆಯುವವರು ಪರಿಚಯದವರು, ಸಂದರ್ಭ ಗೊತ್ತಿರುತ್ತದೆ. ಆಡ್ ಮೇಲೆ ಕಣ್ಣು ಹಾಯುವುದು ಒಂದೆರಡು ಸೆಕೆಂಡ್. ಅಷ್ಟರಲ್ಲಿ ಕನ್ನಡ ಲಿಪಿಯ ದೊಡ್ಡ ಸಾಲು ಹೆಚ್ಚು ಬೇಗ ಓದಿಸಿಕೊಳ್ಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಓದುವ ಬೇರೆ ರಾಜ್ಯದವರೂ ನಿಮಗೆ ಬೇಕಿದ್ದರೆ ಅವರಿಗೆ ಬೇರೆ ಆಡ್ ಮಾಡಿ. ಒಂದೇ ಸಾಲಿನಲ್ಲಿ ಇಬ್ಬರನ್ನೂ ಹಿಡಿಯಲು ಹೋಗಬೇಡಿ.

ಧಾರವಾಡ, ಕಲಬುರಗಿ ಕಡೆಯವರಿಗೆ ಮಾತ್ರ ತೋರಿಸುವ ಆಡ್ ಆದರೆ ಆ ಕಡೆಯ ಮಾತು ಬಳಸಬಹುದು. ಆದರೆ ಆ ಮಾತು ಆಡಿ ಬೆಳೆದವರ ಕೈಯಲ್ಲೇ ಬರೆಸಿ. ಮೈಸೂರಿನವರು ಕೂತು "ರೀ", "ಬರ್ರಿ" ಸೇರಿಸಿದರೆ ಅಣಕಿಸಿದ ಹಾಗೆ ಕೇಳುತ್ತದೆ.

"ನೀನು" ಅನ್ನಬೇಕಾ "ನೀವು" ಅನ್ನಬೇಕಾ?

"ನೀವು". ಗುರುತಿಲ್ಲದವರು ಫೋನಿನಲ್ಲಿ ಬಂದು ಏಕವಚನದಲ್ಲಿ ಮಾತಾಡಿದರೆ 19 ವರ್ಷದವರಿಗೂ ಇಷ್ಟವಾಗುವುದಿಲ್ಲ. "ನೀವು" ಭಾರ ಅನ್ನಿಸಿದರೆ ಸರ್ವನಾಮವನ್ನೇ ಬಿಡಿ. "ಮೂರು ದಿನ ಬಂದು ನೋಡಿ" ಅನ್ನುವಲ್ಲಿ ಮರ್ಯಾದೆಯೂ ಇದೆ, ಸಲುಗೆಯೂ ಇದೆ.

ಡಿಸೈನರ್ ಕೊಟ್ಟ ಕನ್ನಡ ಸಾಲು ಆಡ್‌ಗೆ ಹಾಕಿದ್ರೆ ಏನೇನೋ ಆಗುತ್ತೆ, ಯಾಕೆ?

ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ.

ಸಾಲು `PÀ£ÀßqÀ` ಈ ಥರ ಕಂಡರೆ ಅದು ಯೂನಿಕೋಡ್ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದಾಗ ಹೀಗೆ ಬರುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮಾಡಿ ಬಂದ ಡಿಸೈನರ್‌ಗಳಲ್ಲಿ ಅನೇಕರಿಗೆ ಇಂದಿಗೂ ಅದೇ ರೂಢಿ. ಚಿತ್ರದೊಳಗೆ ಆ ಫಾಂಟ್ ನಡೆಯುತ್ತದೆ. Headline ಜಾಗಕ್ಕೆ ಮಾತ್ರ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ ಅಥವಾ ಕನ್ವರ್ಟರ್ ಬಳಸಿ.

"ಪೈಥಾನ್‌ನಲ್ಲಿ" ಅಂತ ಬರೆದದ್ದು "ಪೈಥಾನ್ನಲ್ಲಿ" ಆಗಿದ್ದರೆ, ಎರಡು ಅಕ್ಷರ ಕೂಡಿ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ ಬಿದ್ದುಹೋಗಿದೆ ಅಂತ ಅರ್ಥ. ಯೂನಿಕೋಡಿನಲ್ಲಿ ಅದರ ಗುರುತು U+200C. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವಾಗ ಕೆಲವು ಸಲ ಅದು ಕಳೆದುಹೋಗುತ್ತದೆ. ಸುಲಭದ ದಾರಿ ಅಂದರೆ ಆ ಜಾಗ ಬರದ ಹಾಗೆ ಬರೆಯುವುದು. "ಪೈಥಾನ್‌ನಲ್ಲಿ ಪ್ರಾಜೆಕ್ಟ್" ಬದಲು "ಪೈಥಾನ್ ಪ್ರಾಜೆಕ್ಟ್".

ಮೂರನೆಯದು ಒತ್ತಕ್ಷರ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವಿನ ಅಂತರ ಬಿಗಿಯಾಗಿರುತ್ತದೆ. ಮೇಲಿನ ಸಾಲಿನ "ಕ್ಟ್", "ಗ್ರಾ" ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತವೆ. ಅಂತರವನ್ನು ಅಕ್ಷರದ ಎತ್ತರದ ಸುಮಾರು ಒಂದೂವರೆ ಪಟ್ಟು ಇಡಿ.

## ಯಾವ ವರ್ಷದವರಿಗೆ ಯಾವುದು

ಫಸ್ಟ್ ಇಯರ್‌ಗೂ ಫೈನಲ್ ಇಯರ್‌ಗೂ ಒಂದೇ ತಲೆಬರಹ ಸಾಕಲ್ವಾ?

ಸಾಕಾಗುವುದಿಲ್ಲ. ಅವರ ಭಯಗಳೇ ಬೇರೆ.

ಮೊದಲ ವರ್ಷದವರಿಗೆ, ಅದರಲ್ಲೂ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದದೆ ಬಂದವರಿಗೆ, "ಉಳಿದವರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ" ಅನ್ನುವ ಅಳುಕು ಇರುತ್ತದೆ. "ಪೈಥಾನ್, ಕನ್ನಡದಲ್ಲಿ, ಮೊದಲಿಂದ" ಅವರಿಗೆ. ಎರಡನೇ ವರ್ಷಕ್ಕೆ ಲ್ಯಾಬ್ ಮತ್ತು ಮಿನಿ ಪ್ರಾಜೆಕ್ಟಿನ ಸಾಲುಗಳು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರೂ ಇಲ್ಲೇ ಬರುತ್ತಾರೆ.

ಕೊನೆಯ ವರ್ಷದವರು ಕೇಳುವುದು ಒಂದೇ, ಇದು ಪ್ಲೇಸ್‌ಮೆಂಟ್ ಟೆಸ್ಟಿಗೆ ಉಪಯೋಗ ಆಗುತ್ತದಾ? ನಮ್ಮ ಮಾದರಿ ಕೋರ್ಸ್ ಆರಂಭಿಕರಿಗೆ. ಕೋಡಿಂಗ್ ರೌಂಡಿನಲ್ಲಿ ಕೇಳುವ ಅರೇ, ಸ್ಟ್ರಿಂಗ್, ಸಾರ್ಟಿಂಗ್ ಸಮಸ್ಯೆಗಳನ್ನು ಅದು ಮುಟ್ಟುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಹಾಗಿದ್ದಾಗ "ಪ್ಲೇಸ್‌ಮೆಂಟಿಗೆ ಪೂರ್ತಿ ತಯಾರಿ" ಅಂತ ಬರೆಯುವುದು ತಪ್ಪು. "ಪ್ಲೇಸ್‌ಮೆಂಟಿಗೆ ಮೊದಲು ಬೇಸಿಕ್ಸ್ ಗಟ್ಟಿ ಮಾಡಿ" ಅನ್ನುವುದು ನಿಜ.

ಸಮಯವನ್ನೂ ನೋಡಿ. ಲ್ಯಾಬ್ ಸಾಲು ಇಂಟರ್ನಲ್ಸ್ ಶುರುವಾಗುವ ಮುಂಚಿನ ವಾರಗಳಲ್ಲಿ ಓಡಲಿ. ಸೆಮಿಸ್ಟರ್ ಪರೀಕ್ಷೆ ನಡೆಯುವಾಗ ಆಡ್ ನಿಲ್ಲಿಸಿ, ಆಗ ರಾತ್ರಿ 8ರ ಕ್ಲಾಸಿಗೆ ಯಾರೂ ಸೇರುವುದಿಲ್ಲ. ಪರೀಕ್ಷೆ ಮುಗಿದ ಮೇಲಿನ ರಜೆಯೂ ಒಳ್ಳೆಯ ಸಮಯ. ದಿನಾಂಕಗಳಿಗೆ ಆಯಾ ವಿಶ್ವವಿದ್ಯಾಲಯದ ಕ್ಯಾಲೆಂಡರ್ ನೋಡಿಕೊಳ್ಳಿ. ವಿಟಿಯು ಕಾಲೇಜಿನವರಿಗೂ ಪಕ್ಕದ ಬೀದಿಯ ಬಿಸಿಎ ಕಾಲೇಜಿನವರಿಗೂ ಒಂದೇ ದಿನ ಪರೀಕ್ಷೆ ಇರಬೇಕಾಗಿಲ್ಲ.

## ಏನು ಬರೆಯಬಾರದು

"100% ಕೆಲಸ ಗ್ಯಾರಂಟಿ" ಅಂತ ಹಾಕಿದ್ರೆ ಜನ ಬರ್ತಾರೆ. ಎಲ್ರೂ ಹಾಕ್ತಾರಲ್ಲ, ನಾವು ಹಾಕಿದ್ರೇನು?

ಹಾಕಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನವೆಂಬರ್ 2024ರಲ್ಲಿ ಕೋಚಿಂಗ್ ಕ್ಷೇತ್ರದ ಜಾಹೀರಾತಿಗೆ ಮಾರ್ಗಸೂಚಿ ತಂದಿತು. 100% ಆಯ್ಕೆ, 100% ಕೆಲಸ ಅಂತ ಸುಳ್ಳು ಭರವಸೆ ಕೊಡುವುದನ್ನು ಅದು ತಡೆಯುತ್ತದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಕಲಿಸುವ ಕೇಂದ್ರಗಳನ್ನು ಅದು ಕೋಚಿಂಗ್ ಅನ್ನುತ್ತದೆ. ನೀವು ಅದಕ್ಕಿಂತ ಚಿಕ್ಕವರು ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದರಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿಯ ನಿಯಮವೂ ಹೀಗೇ ಇದೆ. ಕೋರ್ಸಿಗೆ ಸೇರಿದರೆ ಕೆಲಸ ಸಿಗುತ್ತದೆ ಅನ್ನುವ ಅರ್ಥ ಬರುವ ಮಾತಿಗೆ ಪುರಾವೆ ಬೇಕು. ಹಿಂದಿನ ದಾಖಲೆ ಮುಂದಿನ ಕೆಲಸಕ್ಕೆ ಖಾತರಿಯಲ್ಲ ಅಂತ, ಆ ಮಾತಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ನಿಮ್ಮ ಆರು ಪದದ ತಲೆಬರಹದ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಈ ಎಚ್ಚರಿಕೆ ಇಟ್ಟು ನೋಡಿ. ಆಡ್ ಹೇಗೆ ಕಾಣುತ್ತದೆ ಅಂತ ತಿಳಿಯುತ್ತದೆ.

ಕೆಲಸ ಸಿಕ್ಕ ಹಳೆಯ ವಿದ್ಯಾರ್ಥಿಯ ಹೆಸರು, ಫೋಟೊ ಹಾಕುವುದಾದರೆ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕೆಲಸ ಸಿಕ್ಕ ಮೇಲೆ ತೆಗೆದುಕೊಳ್ಳಿ, ಸೇರುವಾಗಲೇ ಅರ್ಜಿಯಲ್ಲಿ ಸಹಿ ಹಾಕಿಸಿಕೊಂಡದ್ದು ನಡೆಯುವುದಿಲ್ಲ.

ನನಗೆ ಇದರಲ್ಲಿ ಕಾನೂನಿಗಿಂತ ದೊಡ್ಡದು ಇನ್ನೊಂದಿದೆ. ₹2,499 ಅಂದರೆ ಪಿಜಿಯಲ್ಲಿ ಇರುವ ಹುಡುಗಿಗೆ ತಿಂಗಳ ಖರ್ಚಿನ ದೊಡ್ಡ ಪಾಲು. ಆ ದುಡ್ಡನ್ನು ಅವಳು ಕೆಲಸ ಸಿಗುತ್ತದೆ ಅಂತ ನಂಬಿ ಕೊಟ್ಟಿರುತ್ತಾಳೆ.

"ಇನ್ನು 5 ಸೀಟ್ ಮಾತ್ರ!" ಅಂತ ಹಾಕಬಹುದಾ?

ನಿಜವಾಗಿ ಐದೇ ಉಳಿದಿದ್ದರೆ ಹಾಕಿ, ಆರನೆಯವರನ್ನು ಸೇರಿಸಿಕೊಳ್ಳಬೇಡಿ. ಇಲ್ಲದ ಅವಸರ ಹುಟ್ಟಿಸುವುದನ್ನು ಗ್ರಾಹಕರನ್ನು ಯಾಮಾರಿಸುವ ಡಾರ್ಕ್ ಪ್ಯಾಟರ್ನ್ ತಂತ್ರಗಳ ವಿರುದ್ಧ 2023ರ ನವೆಂಬರಿನಲ್ಲಿ ತಂದ ಮಾರ್ಗಸೂಚಿಯಲ್ಲೇ ನಿಷೇಧಿಸಿದ್ದಾರೆ. "ಕ್ಲಾಸ್ ಸೋಮವಾರ ರಾತ್ರಿ 8ಕ್ಕೆ ಶುರು" ಅನ್ನುವುದರಲ್ಲೇ ಬೇಕಾದಷ್ಟು ಅವಸರ ಇದೆ.

"ಬ್ಯಾಕ್‌ಲಾಗ್ ಇದೆಯಾ? ದುಡ್ಡಿನ ಕಷ್ಟನಾ?" ಅಂತ ನೇರವಾಗಿ ಕೇಳಿದ್ದಕ್ಕೆ ಆಡ್ ರಿಜೆಕ್ಟ್ ಆಯ್ತು. ಯಾಕೆ?

ಓದುವವರ ಹಣದ ಪರಿಸ್ಥಿತಿ, ಆರೋಗ್ಯ, ಧರ್ಮ, ವಯಸ್ಸು ಇಂಥವು ತನಗೆ ಗೊತ್ತಿದೆ ಅನ್ನುವ ಹಾಗೆ ಆಡ್ ಮಾತಾಡುವುದನ್ನು ಮೆಟಾ ಒಪ್ಪುವುದಿಲ್ಲ. "ದುಡ್ಡಿನ ಕಷ್ಟನಾ?" ಆ ಗೆರೆ ದಾಟಿದೆ. ಅದನ್ನು ಕೋರ್ಸಿನ ಕಡೆಗೆ ತಿರುಗಿಸಿ. "ಶುಲ್ಕ ಮೂರು ಕಂತಲ್ಲಿ ಕಟ್ಟಬಹುದು" ಅಂದರೆ ಯಾರನ್ನೂ ಬೆರಳು ತೋರಿಸಿದ ಹಾಗಾಗುವುದಿಲ್ಲ.

ಬ್ಯಾಕ್‌ಲಾಗ್ ವಿಷಯ ಇನ್ನೂ ಸೂಕ್ಷ್ಮ. ಕಡಿಮೆ ಅಂಕದವರನ್ನು ಸೋತವರ ಹಾಗೆ ತೋರಿಸಬಾರದು ಅಂತ ಆಸ್ಕಿ 2023ರಲ್ಲಿ ಶಿಕ್ಷಣದ ಜಾಹೀರಾತಿಗೆ ನಿಯಮ ಸೇರಿಸಿದೆ. ಲ್ಯಾಬ್ ಸಾಲು ಇಲ್ಲಿ ಯಾಕೆ ಪಾರಾಗುತ್ತದೆ ನೋಡಿ. ಅದು ಓದುವ ಅಭ್ಯಾಸದ ಬಗ್ಗೆ ಹೇಳುತ್ತದೆ, ಓದುವವರನ್ನು ಅಳೆಯುವುದಿಲ್ಲ.

## ಅಳೆಯುವುದು

ಎರಡು ತಲೆಬರಹದಲ್ಲಿ ಯಾವುದು ಗೆದ್ದಿತು ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಪರೀಕ್ಷೆ ಸರಿಯಾಗಿರಬೇಕು. ಮೆಟಾ ಒಂದೇ ಆಡ್‌ನಲ್ಲಿ ಐದು ತಲೆಬರಹದವರೆಗೆ ಹಾಕಲು ಬಿಡುತ್ತದೆ. ಅದು ಅನುಕೂಲ, ಆದರೆ ಹೋಲಿಕೆಗೆ ಬರುವುದಿಲ್ಲ. ತನಗೆ ಚೆನ್ನಾಗಿ ಕಂಡದ್ದನ್ನು ಯಂತ್ರ ಬೇಗನೆ ಜಾಸ್ತಿ ತೋರಿಸಲು ಶುರು ಮಾಡುತ್ತದೆ, ಉಳಿದವಕ್ಕೆ ಅವಕಾಶವೇ ಸಿಗುವುದಿಲ್ಲ. ಹೋಲಿಸಬೇಕಾದರೆ Ads Manager ಒಳಗಿನ A/B test ಬಳಸಿ. ಅದು ಜನರನ್ನು ಎರಡು ಪಾಲು ಮಾಡುತ್ತದೆ, ಒಬ್ಬರಿಗೆ ಒಂದೇ ಸಾಲು ತೋರಿಸುತ್ತದೆ. ಚಿತ್ರ, ಬಣ್ಣ, ಬಟನ್ ಎಲ್ಲ ಎರಡರಲ್ಲೂ ಒಂದೇ ಇರಲಿ. ಬದಲಾಗುವುದು ತಲೆಬರಹ ಮಾತ್ರ.

ಈಗ ಲೆಕ್ಕ. ಹೀಗೆ ಅಂದುಕೊಳ್ಳೋಣ: "ಲ್ಯಾಬ್ ಪ್ರೋಗ್ರಾಂ" ಸಾಲು 20,000 ಸಲ ಕಂಡಿತು, 180 ಕ್ಲಿಕ್ ಬಂತು. "3 ಕ್ಲಾಸ್ ಉಚಿತ" ಸಾಲೂ 20,000 ಸಲ ಕಂಡಿತು, 260 ಕ್ಲಿಕ್ ಬಂತು. ಇದು ನಿಜವಾದ ವ್ಯತ್ಯಾಸವೋ, ಅದೃಷ್ಟವೋ? ಎರಡೂ ಸಮಾನ ಸಲ ಕಂಡಿದ್ದರೆ ಒಂದು ಸುಲಭ ಲೆಕ್ಕ ಸಾಕು. ಎರಡೂ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿದ್ದರೆ ನಂಬಬಹುದು. ಇಲ್ಲಿ ಒಟ್ಟು 440. ವರ್ಗಮೂಲ ಸುಮಾರು 21, ಎರಡು ಪಟ್ಟು 42. ವ್ಯತ್ಯಾಸ 80. ಹಾಗಾಗಿ ಕ್ಲಿಕ್ಕಿನಲ್ಲಿ "ಉಚಿತ" ನಿಜವಾಗಿ ಮುಂದಿದೆ.

ಆದರೆ ಇಲ್ಲಿಗೆ ನಿಲ್ಲಿಸಬೇಡಿ. ದುಡ್ಡು ಕಟ್ಟಿ ಸೇರಿದವರು ಲ್ಯಾಬ್ ಸಾಲಿನಿಂದ 14, ಉಚಿತದ ಸಾಲಿನಿಂದ 8 ಅಂದುಕೊಳ್ಳಿ. ಈಗ ಕಥೆ ತಿರುಗಿತು, ಅಲ್ವಾ? ಲ್ಯಾಬ್ ಗೆದ್ದಿತು ಅಂತ ಹೇಳುವ ಆಸೆ ಬರುತ್ತದೆ. ಅದೇ ಲೆಕ್ಕ ಹಾಕಿ. ಒಟ್ಟು 22, ವರ್ಗಮೂಲ ಸುಮಾರು 4.7, ಎರಡು ಪಟ್ಟು 9.4. ವ್ಯತ್ಯಾಸ 6. ಇನ್ನೂ ತೀರ್ಮಾನ ಆಗಿಲ್ಲ. ಇದೇ ಅನುಪಾತದಲ್ಲಿ ಮೂರು ಪಟ್ಟು ಓಡಿಸಿ 42 ಮತ್ತು 24 ಆದಾಗ ವ್ಯತ್ಯಾಸ 18, ಮಿತಿ ಸುಮಾರು 16. ಆಗ ಹೇಳಬಹುದು.

ಸಣ್ಣ ಬಜೆಟ್ಟಿನಲ್ಲಿ ಸೇರ್ಪಡೆಯ ಸಂಖ್ಯೆ ಅಷ್ಟು ದೊಡ್ಡದಾಗಲು ತಿಂಗಳುಗಳೇ ಬೇಕಾಗಬಹುದು. ಅದಕ್ಕೆ ನಾನು ನಡುವಿನ ಒಂದು ಮೆಟ್ಟಿಲು ಇಟ್ಟುಕೊಳ್ಳುತ್ತೇನೆ: ಮೂರನೇ ಉಚಿತ ಕ್ಲಾಸಿಗೆ ಬಂದವರ ಸಂಖ್ಯೆ. ಸೇರಿದವರಿಗಿಂತ ಅದು ದೊಡ್ಡದು, ಬೇಗ ಸಿಗುತ್ತದೆ. ಮೂರು ರಾತ್ರಿ ಬಂದು ಕೂತವರ ಮನಸ್ಸನ್ನು ಅದು ಕ್ಲಿಕ್ಕಿಗಿಂತ ಚೆನ್ನಾಗಿ ಹೇಳುತ್ತದೆ. ಯಾವ ಸಂಖ್ಯೆ ನೋಡಿ ತೀರ್ಮಾನಿಸುತ್ತೀರಿ ಅನ್ನುವುದನ್ನು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಡಿ. ದಿನಾ ಇಣುಕಿ ನೋಡಿ, ಮುಂದಿರುವಾಗ ನಿಲ್ಲಿಸಿದರೆ ಈ ಲೆಕ್ಕ ಕೆಡುತ್ತದೆ.

ಯಾವ ತಲೆಬರಹದಿಂದ ಯಾರು ಬಂದ್ರು ಅಂತ ಹೇಗೆ ಹಿಡಿಯೋದು?

ಪ್ರತಿ ಆಡ್‌ನ ಲಿಂಕಿನ ಕೊನೆಗೆ ಒಂದು ಗುರುತು ಸೇರಿಸಿ.

```
?utm_source=instagram&utm_campaign=python10&utm_content=lab
```

ಇನ್ನೊಂದು ಸಾಲಿನ ಆಡ್‌ಗೆ `utm_content=free3` ಅಂತ ಬದಲಿಸಿ. ನೋಂದಣಿ ಫಾರಂನಲ್ಲಿ ಒಂದು ಕಾಣದ ಜಾಗ ಮಾಡಿ, ಈ ಗುರುತು ಅಲ್ಲಿ ಬಂದು ಕೂರುವಂತೆ ಮಾಡಿಸಿ. ಜನ ವಾಟ್ಸಪ್‌ನಲ್ಲಿ ಬಂದು ಸೇರುತ್ತಾರೆ ಅಂದರೆ, ಆಡ್ ಒತ್ತಿದಾಗ ತಾನಾಗಿ ಬರುವ ಮೊದಲ ಮೆಸೇಜನ್ನು ಬೇರೆ ಬೇರೆ ಬರೆಯಿರಿ. ಒಂದಕ್ಕೆ "ಲ್ಯಾಬ್ ಬಗ್ಗೆ ಕೇಳಬೇಕಿತ್ತು", ಇನ್ನೊಂದಕ್ಕೆ "ಉಚಿತ ಕ್ಲಾಸ್ ಯಾವಾಗ?" ಅಂತ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಕ್ಲಿಕ್ ಚೆನ್ನಾಗಿ ಬರ್ತಿದೆ, ಪುಟಕ್ಕೆ ಬಂದವ್ರು ನಿಲ್ಲೋದೇ ಇಲ್ಲ. ತಲೆಬರಹ ಬದಲಾಯಿಸ್ಲಾ?

ಮೊದಲು ಪುಟದ ಮೇಲ್ಭಾಗ ನೋಡಿ. ನಾನು ಒಮ್ಮೆ ಲ್ಯಾಬ್ ಸಾಲಿನ ಆಡ್ ಮಾಡಿ ಕಳಿಸಿದ ಪುಟದಲ್ಲಿ ದೊಡ್ಡದಾಗಿ ಇದ್ದದ್ದು ಸಂಸ್ಥೆಯ ಹೆಸರು, ಕಟ್ಟಡದ ಫೋಟೊ. ಲ್ಯಾಬ್ ಅನ್ನುವ ಪದ ಪುಟದಲ್ಲಿ ಎಲ್ಲೂ ಇರಲಿಲ್ಲ. ಬಂದವರಿಗೆ ತಪ್ಪು ಬಾಗಿಲು ತಟ್ಟಿದ ಹಾಗೆ ಅನ್ನಿಸಿರಬೇಕು. ಅದು ನನ್ನದೇ ತಪ್ಪು, ಪುಟ ನೋಡದೆ ಆಡ್ ಬರೆದಿದ್ದೆ.

ಈಗ ಆಡ್‌ನ ಸಾಲನ್ನೇ ಪುಟದ ಮೊದಲ ಸಾಲಾಗಿ ಹಾಕಿಸುತ್ತೇನೆ. ಅದರ ಕೆಳಗೇ ಒಂದು ಲ್ಯಾಬ್ ಪ್ರೋಗ್ರಾಂ ತೆಗೆದುಕೊಂಡು, ಸಾಲು ಸಾಲು ಕನ್ನಡದಲ್ಲಿ ಬಿಡಿಸುವ ಎರಡು ನಿಮಿಷದ ವಿಡಿಯೊ ಇಡಿಸುತ್ತೇನೆ. ಹೇಳಿದ್ದು ಅಲ್ಲೇ ಕಣ್ಣಿಗೆ ಕಂಡರೆ ಜನ ನಿಲ್ಲುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ನಿಲ್ಲದಿದ್ದರೆ ಆಗ ತಲೆಬರಹ ತಪ್ಪು ಜನರನ್ನು ಕರೆಯುತ್ತಿದೆ ಅಂತ ಅರ್ಥ.

ಗೆದ್ದ ಸಾಲನ್ನ ಎಷ್ಟು ದಿನ ಓಡಿಸಬಹುದು?

ದಿನ ಎಣಿಸಬೇಡಿ, Frequency ನೋಡಿ. ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿತು ಅನ್ನುವ ಸಂಖ್ಯೆ ಅದು. ಒಂದು ಜಿಲ್ಲೆಯ ಕಾಲೇಜಿನವರಿಗೆ ಮಾತ್ರ ತೋರಿಸುವ ಆಡ್‌ನಲ್ಲಿ ಅದು ಬಹಳ ಬೇಗ ಏರುತ್ತದೆ, ಯಾಕೆಂದರೆ ಇರುವ ಜನರೇ ಕಡಿಮೆ. ಸಂಖ್ಯೆ ಏರುತ್ತಾ ಕ್ಲಿಕ್ಕಿನ ಪ್ರಮಾಣ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಆ ಸಾಲನ್ನು ನೋಡಬೇಕಾದವರೆಲ್ಲ ನೋಡಿಯಾಗಿದೆ. ಆಗ ಲ್ಯಾಬ್ ಸಾಲನ್ನು ಎತ್ತಿಡಿ, ಮಿನಿ ಪ್ರಾಜೆಕ್ಟಿನ ಸಾಲು ಬಿಡಿ. ಮುಂದಿನ ಸೆಮಿಸ್ಟರಿಗೆ ಹೊಸ ಬ್ಯಾಚ್ ಎರಡನೇ ವರ್ಷಕ್ಕೆ ಬಂದಿರುತ್ತದೆ. ಅವರಿಗೆ ಲ್ಯಾಬ್ ಸಾಲು ಹೊಸದು.